‘ಬಂದ ಹುಡುಗ’ ಕಟ್ಟುವ ಕ್ರಮ: ಕೃದಂತನಾಮ ರಚನೆಯ ಸಮಗ್ರ ಮಾರ್ಗದರ್ಶಿ

ಕನ್ನಡ ಕಲಿಯುತ್ತಿರುವವರ ನೋಟ್‌ಪುಸ್ತಕಗಳನ್ನು ತಿದ್ದುವಾಗ ಕೆಂಪು ಶಾಯಿ ಮತ್ತೆ ಮತ್ತೆ ಒಂದೇ ಬಗೆಯ ತಪ್ಪುಗಳ ಮೇಲೆ ಬೀಳುತ್ತದೆ. ಒಬ್ಬರು ‘ಬಂದಳು ಹುಡುಗಿ ನನ್ನ ತಂಗಿ’ ಎಂದು ಬರೆದರೆ ಇನ್ನೊಬ್ಬರು ‘ನನ್ನ ನೋಡಿದ ಸಿನಿಮಾ ಚೆನ್ನಾಗಿತ್ತು’ ಎನ್ನುತ್ತಾರೆ. ಮೂರನೆಯವರು ಸೀರೆಯುಟ್ಟು ನಿಂತಿರುವ ಅತಿಥಿಯನ್ನು ತೋರಿಸಿ ‘ಸೀರೆ ಉಡುತ್ತಿರುವ ಹೆಂಗಸು’ ಎಂದು ಬರೆದು ಮನೆಯವರನ್ನು ಮುಜುಗರಕ್ಕೆ ಸಿಲುಕಿಸುತ್ತಾರೆ. ಇವರಿಗೆಲ್ಲ ‘ಬಂದ’, ‘ನೋಡಿದ’, ‘ಉಟ್ಟ’ ಎಂಬ ರೂಪಗಳು ಬಾಯಿಪಾಠವಾಗಿಯೇ ಇರುತ್ತವೆ. ಪದ ಗೊತ್ತಿದ್ದೂ ರಚನೆ ಕೆಡುವುದಕ್ಕೆ ಕಾರಣ ಕಟ್ಟುವ ಕ್ರಮ ತಪ್ಪುವುದು. ಆದ್ದರಿಂದ ಇಲ್ಲಿ ಕ್ರಮಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಶಾಲೆಯ ವ್ಯಾಕರಣವು ‘ಮಾಡಿದ, ಮಾಡುವ, ಮಾಡದ’ ಎಂಬ ಮೂರು ರೂಪಗಳನ್ನು ಕೃದಂತನಾಮ ಎಂದೂ, ‘ಮಾಡಿ, ಮಾಡುತ್ತ’ ಮುಂತಾದವನ್ನು ಕೃದಂತಾವ್ಯಯ ಎಂದೂ ಕರೆಯುತ್ತದೆ. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಾಕು.

## ಬೇಕಾದ ಸಾಮಗ್ರಿ

ಒಂದು ಹಾಳೆ, ಒಂದು ಪೆನ್ಸಿಲ್, ಮತ್ತು ನೀವು ಬಳಸಲಿರುವ ಧಾತುವಿನ ‘ಅವನು’ ರೂಪದ ಭೂತಕಾಲ, ಇಷ್ಟು ಸಾಕು. ಭೂತಕಾಲದ ರೂಪ ಖಚಿತವಾಗಿ ಗೊತ್ತಿಲ್ಲದಿದ್ದರೆ ಮುಂದುವರಿಯಬೇಡಿ; ನಿಘಂಟು ನೋಡಿ ಅಥವಾ ಮನೆಯ ಹಿರಿಯರನ್ನು ಕೇಳಿ. ಕನ್ನಡದಲ್ಲಿ ‘ಗೆಲ್ಲು’ ಎಂಬುದು ‘ಗೆದ್ದನು’ ಆಗುತ್ತದೆ, ‘ಸೋಲು’ ಎಂಬುದು ‘ಸೋತನು’ ಆಗುತ್ತದೆ, ‘ಅಳು’ ಎಂಬುದು ‘ಅತ್ತನು’ ಆಗುತ್ತದೆ. ಇವನ್ನು ಊಹೆಯಿಂದ ಕಟ್ಟಲು ಹೋದವರು ‘ಗೆಲ್ಲಿದ’, ‘ಸೋಲಿದ’, ‘ಅಳಿದ’ ಎಂದು ಬರೆಯುತ್ತಾರೆ. ಇವುಗಳಲ್ಲಿ ‘ಅಳಿದ’ ಎಂಬುದಕ್ಕೆ ನಾಶವಾದ, ಸತ್ತ ಎಂಬ ಬೇರೆಯೇ ಅರ್ಥವಿರುವುದರಿಂದ, ಅತ್ತ ಮಗುವಿನ ಬಗ್ಗೆ ಬರೆಯಹೊರಟವರು ತೀರ ಅಪಶಕುನದ ಮಾತನ್ನು ಬರೆದಿರುತ್ತಾರೆ.

## ಹಂತ 1: ಎರಡು ಬಿಡಿ ವಾಕ್ಯಗಳನ್ನು ಬರೆಯುವುದು

ಹೇಳಬೇಕಾದ ವಿಷಯವನ್ನು ಮೊದಲು ಎರಡು ಸರಳ ವಾಕ್ಯಗಳಾಗಿ ಬರೆಯಿರಿ. ಎರಡರಲ್ಲಿಯೂ ಒಂದೇ ನಾಮಪದ ಬರಬೇಕು.

ನಿನ್ನೆ ಅಕ್ಕ ಮೈಸೂರಿನಿಂದ ಒಂದು ಸೀರೆಯನ್ನು ತಂದಳು.
ಆ ಸೀರೆಯ ಮೇಲೆ ಕಾಫಿ ಚೆಲ್ಲಿತು.

ಇಲ್ಲಿ ಎರಡರಲ್ಲೂ ಇರುವ ಪದ ‘ಸೀರೆ’. ಅದಕ್ಕೆ ಗೆರೆ ಎಳೆಯಿರಿ. ಎರಡನೆಯದು ನೀವು ನಿಜವಾಗಿ ಹೇಳಬೇಕೆಂದಿರುವ ಸುದ್ದಿ, ಮೊದಲನೆಯದು ಯಾವ ಸೀರೆ ಎಂಬುದನ್ನು ಗುರುತಿಸುವ ಮಾತು. ಮೊದಲನೆಯ ವಾಕ್ಯವನ್ನು ಮಡಚಿ ಎರಡನೆಯದರ ‘ಸೀರೆ’ಗಿಂತ ಮೊದಲು ಇಡುವುದಷ್ಟೇ ನಮ್ಮ ಕೆಲಸ. ಈ ಹಂತವನ್ನು ಮನಸ್ಸಿನಲ್ಲೇ ಮುಗಿಸಲು ಯತ್ನಿಸುವವರು ಮುಂದೆ ವಿಭಕ್ತಿಯ ಹಂತದಲ್ಲಿ ಎಡವುತ್ತಾರೆ. ಮೊದಲ ಕೆಲವು ವಾರವಾದರೂ ಹಾಳೆಯ ಮೇಲೆಯೇ ಬರೆಯುವುದು ಒಳ್ಳೆಯದು.

## ಹಂತ 2: ಕ್ರಿಯಾಪದದ ಬಾಲವನ್ನು ಕತ್ತರಿಸುವುದು

ಮಡಚಬೇಕಾದ ವಾಕ್ಯದ ಕ್ರಿಯಾಪದವನ್ನು, ಅದರ ಕರ್ತೃ ಯಾರೇ ಆಗಿರಲಿ, ‘ಅವನು’ ರೂಪಕ್ಕೆ ತಿರುಗಿಸಿ, ಕೊನೆಯ ‘ನು’ವನ್ನು ತೆಗೆದುಹಾಕಿ. ತಂದಳು ಎಂಬುದು ತಂದನು ಆಗುತ್ತದೆ, ತಂದನು ಎಂಬುದರಿಂದ ‘ತಂದ’ ಉಳಿಯುತ್ತದೆ. ಬಂದನು ಎಂಬುದರಿಂದ ಬಂದ, ಕೊಟ್ಟನು ಎಂಬುದರಿಂದ ಕೊಟ್ಟ, ಬರೆದನು ಎಂಬುದರಿಂದ ಬರೆದ, ಮಾಡಿದನು ಎಂಬುದರಿಂದ ಮಾಡಿದ.

‘ಅವನು’ ರೂಪವನ್ನೇ ಹಿಡಿಯಬೇಕೆನ್ನುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನಪುಂಸಕಲಿಂಗದ ರೂಪಗಳ ಕಾಟ: ಬಸ್ಸು ‘ಹೋಯಿತು’, ಕೆಲಸ ‘ಆಯಿತು’, ಮರ ‘ಬಿತ್ತು’, ಮನೆ ‘ಇತ್ತು’ ಎಂಬ ರೂಪಗಳಿಂದ ನೇರವಾಗಿ ಹೊರಟರೆ ಎಲ್ಲಿಗೂ ತಲುಪುವುದಿಲ್ಲ. ಹೋದನು, ಆದನು, ಬಿದ್ದನು, ಇದ್ದನು ಎಂದು ತಿರುಗಿಸಿಕೊಂಡರೆ ಹೋದ ಬಸ್ಸು, ಆದ ಕೆಲಸ, ಬಿದ್ದ ಮರ, ಇದ್ದ ಮನೆ ತಾವಾಗಿ ಸಿಗುತ್ತವೆ. ಎರಡನೆಯದು ಕೃದಂತಾವ್ಯಯದಿಂದ ಬರುವ ಮೋಸ. ‘ಮಾಡಿ’ಗೆ ‘ದ’ ಸೇರಿಸಿದರೆ ‘ಮಾಡಿದ’, ‘ಕೂಗಿ’ಗೆ ಸೇರಿಸಿದರೆ ‘ಕೂಗಿದ’ ಆಗುತ್ತದೆಂದು ಕಲಿತವರು ಅದೇ ಧಾಟಿಯಲ್ಲಿ ‘ಹೋಗಿದ ಊರು’, ‘ಆಗಿದ ತೊಂದರೆ’ ಎಂದು ಬರೆಯುತ್ತಾರೆ. ‘ಹೋಗು’ ಮತ್ತು ‘ಆಗು’ ಈ ದಾರಿಗೆ ಬರುವುದಿಲ್ಲ. ಅವು ‘ಹೋದ’ ಮತ್ತು ‘ಆದ’. ದಿನಕ್ಕೆ ನೂರು ಸಲ ಬಳಸುವ ಧಾತುಗಳೇ ಹೀಗಿರುವುದು ಕಲಿಯುವವರ ದುರದೃಷ್ಟ.

ಕತ್ತರಿಸಿದ ಮೇಲೆ ಉಳಿಯುವ ರೂಪಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಬಂದ ಹುಡುಗ, ಬಂದ ಹುಡುಗಿ, ಬಂದ ಮಕ್ಕಳು, ಬಂದ ಬಸ್ಸು. ಎಲ್ಲೆಡೆಯೂ ‘ಬಂದ’ ಒಂದೇ. ಹಿಂದಿಯ ಅಭ್ಯಾಸವಿರುವವರಿಗೆ, ಅಲ್ಲಿ ಇಂಥ ರೂಪವೂ ಲಿಂಗ ವಚನಗಳಿಗೆ ತಕ್ಕಂತೆ ಬದಲಾಗುವುದರಿಂದ, ಹುಡುಗಿಯ ಮುಂದೆ ‘ಬಂದ’ ಎಂದು ಬರೆಯಲು ಕೈ ಹಿಂಜರಿಯುತ್ತದೆ. ತಮಿಳು, ತೆಲುಗು, ಮಲಯಾಳಂ ಮಾತಾಡುವವರಿಗೆ ಈ ಕಷ್ಟವಿಲ್ಲ, ಏಕೆಂದರೆ ಅವರ ನುಡಿಗಳಲ್ಲಿಯೂ ರಚನೆ ಹೀಗೆಯೇ ಇದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಆಡುಮಾತಿನಲ್ಲಿ ‘ಬಂದನು’ ಎಂಬುದೂ ‘ಬಂದ’ ಎಂದೇ ಆಗುತ್ತದೆ. ಹಾಗಾಗಿ ‘ಹುಡುಗ ಬಂದ’ ಎಂಬುದು ಪೂರ್ಣ ವಾಕ್ಯ, ‘ಬಂದ ಹುಡುಗ’ ಎಂಬುದು ಇನ್ನೂ ಮುಗಿಯದ ಮಾತು. ಎರಡನ್ನೂ ಬೇರ್ಪಡಿಸುವುದು ಪದದ ಜಾಗ ಮಾತ್ರ.

## ಹಂತ 3: ಕಾಲವನ್ನು ಆರಿಸುವುದು

ಮುಗಿದ ಕ್ರಿಯೆಗೆ ‘ಬಂದ’, ರೂಢಿಯಾಗಿ ನಡೆಯುವ ಅಥವಾ ಮುಂದೆ ನಡೆಯಲಿರುವ ಕ್ರಿಯೆಗೆ ‘ಬರುವ’. ಎರಡನೆಯದನ್ನು ಕಟ್ಟಲು ಧಾತುವಿಗೆ ‘ಉವ’ ಸೇರಿಸಬೇಕು: ಮಾಡುವ, ತಿನ್ನುವ. ‘ಎ’ ಅಥವಾ ‘ಇ’ ಸ್ವರದಲ್ಲಿ ಮುಗಿಯುವ ಧಾತುಗಳಿಗೆ ನಡುವೆ ಯಕಾರ ಬರುತ್ತದೆ: ಬರೆಯುವ, ಕುಡಿಯುವ. ಮಾತಿನಲ್ಲಿ ಕೇಳಿಸುವ ‘ಮಾಡೋ’, ‘ಬರೋ’ ಎಂಬವನ್ನು ಬರೆಹದಲ್ಲಿ ಹಾಗೆಯೇ ಇಳಿಸಬಾರದು.

ನಿಜವಾದ ತೊಡಕಿರುವುದು ‘ತ್ತಿರುವ’ ಎಂಬ ರೂಪದಲ್ಲಿ. ‘ಓದುತ್ತಿರುವ ಹುಡುಗ’, ‘ಸುರಿಯುತ್ತಿರುವ ಮಳೆ’ ಸರಿಯಾಗಿವೆ, ಏಕೆಂದರೆ ಓದು, ಸುರಿತ ಈಗ ನಡೆಯುತ್ತಿವೆ. ಆದರೆ ನಿಲ್ಲು, ಕೂರು, ಮಲಗು, ಉಡು, ತೊಡು ಮುಂತಾದ ಕ್ರಿಯೆಗಳು ಮುಗಿದು ಒಂದು ಸ್ಥಿತಿಯನ್ನು ಉಳಿಸಿ ಹೋಗುತ್ತವೆ. ಕನ್ನಡವು ಆ ಸ್ಥಿತಿಯನ್ನು ಹೇಳಲು ಮುಗಿದ ಕ್ರಿಯೆಯ ರೂಪವನ್ನೇ ಬಳಸುತ್ತದೆ: ನಿಂತ ಹುಡುಗ ಅಥವಾ ನಿಂತಿರುವ ಹುಡುಗ, ಮಲಗಿರುವ ಮಗು, ಸೀರೆ ಉಟ್ಟ ಹೆಂಗಸು, ಕನ್ನಡಕ ಹಾಕಿಕೊಂಡ ಮೇಷ್ಟ್ರು. ‘ನಿಲ್ಲುತ್ತಿರುವ ಬಸ್ಸು’ ಎಂದರೆ ಇನ್ನೂ ವೇಗ ತಗ್ಗಿಸುತ್ತಿರುವ ಬಸ್ಸು. ‘ಸೀರೆ ಉಡುತ್ತಿರುವ ಹೆಂಗಸು’ ಎಂದರೆ ಈಗಷ್ಟೇ ನೆರಿಗೆ ಹಿಡಿಯುತ್ತಿರುವವಳು, ಅವಳ ಕೋಣೆಯ ಬಾಗಿಲು ಮುಚ್ಚಿರಬೇಕು. ಗುರುತಿಸುವ ಬಗೆ ಸುಲಭ: ಕ್ರಿಯೆ ಇನ್ನೂ ನಡೆಯುತ್ತಿದೆಯೇ, ಇಲ್ಲ ಮುಗಿದು ಸ್ಥಿತಿ ಮಾತ್ರ ಉಳಿದಿದೆಯೇ ಎಂದು ಕೇಳಿಕೊಳ್ಳಿ. ಸ್ಥಿತಿ ಮಾತ್ರ ಉಳಿದಿದ್ದರೆ ‘ತ್ತಿರುವ’ ಬೇಡ.

## ಹಂತ 4: ನಿಷೇಧ ರೂಪ

ಮೂರನೆಯ ರೂಪವಾದ ನಿಷೇಧವನ್ನು ‘ಅದ’ ಸೇರಿಸಿ ಕಟ್ಟಬೇಕು: ಮಾಡದ, ಹೋಗದ, ಬರೆಯದ, ಕುಡಿಯದ. ‘ಬರು’ ಎಂಬುದಕ್ಕೆ ‘ಬಾರದ’ ಮತ್ತು ‘ಬರದ’ ಎರಡೂ ಬಳಕೆಯಲ್ಲಿವೆ. ‘ಬರಲಿಲ್ಲ’ ಎಂಬ ಪೂರ್ಣ ಕ್ರಿಯಾಪದವನ್ನು ಹಿಡಿದು ‘ಬರಲಿಲ್ಲದ ಹುಡುಗ’ ಎಂದು ಕಟ್ಟುವುದು, ಇಲ್ಲವೇ ‘ಬರುವುದಿಲ್ಲದ’ ಎನ್ನುವುದು ಇಲ್ಲಿ ಸಾಮಾನ್ಯವಾದ ತಪ್ಪು. ನಿಷೇಧದಲ್ಲಿ ಕಾಲಭೇದವಿಲ್ಲ, ನಿನ್ನೆ ಬಾರದ ಹುಡುಗ, ನಾಳೆ ಬಾರದ ಹುಡುಗ ಎರಡಕ್ಕೂ ಒಂದೇ ರೂಪ ಸಲ್ಲುತ್ತದೆ. ಕಾಲವನ್ನು ಖಚಿತವಾಗಿ ತೋರಿಸಬೇಕಾದಾಗ ‘ಇರು’ ಧಾತುವಿನ ನೆರವು ಪಡೆದು ‘ಬಾರದಿದ್ದ’ ಅಥವಾ ‘ಬಾರದಿರುವ’ ಎನ್ನಬಹುದು.

ಬೇಕು, ಇಲ್ಲ, ಅಲ್ಲ, ಗೊತ್ತು ಎಂಬ ಪದಗಳಿಗೆ ‘ನು’ ಕತ್ತರಿಸುವ ಉಪಾಯ ಒದಗುವುದಿಲ್ಲ. ಬೇಕಾದ, ಇಲ್ಲದ, ಅಲ್ಲದ, ಗೊತ್ತಿರುವ ಎಂಬ ನಾಲ್ಕನ್ನು ಹಾಗೆಯೇ ಕಲಿತುಬಿಡಿ.

## ಹಂತ 5: ವಿಭಕ್ತಿಗಳನ್ನು ಮುಟ್ಟದಿರುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ‘ನೋಡಿದ’ ಎಂಬ ರೂಪ ಯಾರು ನೋಡಿದರು, ಯಾರನ್ನು ನೋಡಿದರು ಎಂಬುದನ್ನು ಹೇಳುವುದಿಲ್ಲ. ಬಾಲದ ಜೊತೆಗೆ ಆ ಮಾಹಿತಿಯೂ ಹೋಗಿಬಿಟ್ಟಿದೆ. ಅದನ್ನು ಹೊತ್ತಿರುವುದು ಕೃದಂತಕ್ಕಿಂತ ಮೊದಲು ಬರುವ ಪದಗಳ ವಿಭಕ್ತಿ ಮಾತ್ರ.

ನಾನು ನೋಡಿದ ಹುಡುಗ.
ನನ್ನನ್ನು ನೋಡಿದ ಹುಡುಗ.

ಮೊದಲನೆಯದರಲ್ಲಿ ನೋಡಿದವನು ನಾನು, ಎರಡನೆಯದರಲ್ಲಿ ಹುಡುಗ. ‘ನಾನು’ ಎಂಬ ಪ್ರಥಮಾ ವಿಭಕ್ತಿ ಬಿಡಿ ವಾಕ್ಯದಲ್ಲಿ ಹೇಗಿತ್ತೋ ಮಡಚಿದ ಮೇಲೂ ಹಾಗೆಯೇ ಉಳಿಯಬೇಕು. ಹಿಂದಿಯಲ್ಲಿ ‘ನಾನು ನೋಡಿದ ಸಿನಿಮಾ’ ಎಂಬಲ್ಲಿ ‘ನನ್ನ’ ಎಂಬ ಅರ್ಥದ ಷಷ್ಠಿಯೂ ಬರಬಲ್ಲದು. ಆ ಅಭ್ಯಾಸದಿಂದಲೇ ‘ನನ್ನ ನೋಡಿದ ಸಿನಿಮಾ’ ಹುಟ್ಟುತ್ತದೆ. ಇದು ಬರಿಯ ಒರಟು ಕನ್ನಡವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಆಡುಮಾತಿನಲ್ಲಿ ‘ನನ್ನನ್ನು’ ಎಂಬುದು ಸವೆದು ‘ನನ್ನ’ ಆಗುವುದರಿಂದ, ‘ನನ್ನ ನೋಡಿದ ಹುಡುಗಿ’ ಎಂದಾಗ ಕೇಳುವವರು ಹುಡುಗಿಯೇ ನಿಮ್ಮನ್ನು ನೋಡಿದಳು ಎಂದು ತಿಳಿಯುತ್ತಾರೆ. ಮದುವೆಯ ಮಾತುಕತೆಯಲ್ಲಿ ಒಬ್ಬರು ಹೀಗೆಯೇ ಹೇಳಿ, ತಾವು ನೋಡಿಕೊಂಡು ಬಂದ ಹುಡುಗಿಯೇ ತಮ್ಮ ಮನೆಗೆ ಬಂದು ತಮ್ಮನ್ನು ನೋಡಿಹೋದಳೆಂಬ ಸುದ್ದಿ ಹಬ್ಬಿಸಿದ್ದನ್ನು ನಾನು ಬಲ್ಲೆ.

ಚತುರ್ಥಿಯ ಕರ್ತೃವಿಗೂ ಇದೇ ನಿಯಮ. ‘ನನಗೆ ಈ ಪುಸ್ತಕ ಬೇಕು’ ಎಂಬುದು ‘ನನಗೆ ಬೇಕಾದ ಪುಸ್ತಕ’ ಆಗಬೇಕೇ ಹೊರತು ‘ನಾನು ಬೇಕಾದ ಪುಸ್ತಕ’ ಆಗಬಾರದು. ‘ನನಗೆ ಇಷ್ಟವಾದ ಹಾಡು’, ‘ಅವರಿಗೆ ಗೊತ್ತಿರುವ ಊರು’ ಇವೂ ಹಾಗೆಯೇ.

ಇನ್ನು ಗೆರೆ ಎಳೆದ ಪದದ ವಿಷಯ. ಮಡಚುವ ವಾಕ್ಯದಲ್ಲಿ ‘ಸೀರೆಯನ್ನು’ ಎಂದಿತ್ತು; ಅದು ವಿಭಕ್ತಿಸಹಿತ ಪೂರ್ತಿ ಅಳಿದುಹೋಗಬೇಕು, ಅದರ ಜೊತೆಗಿದ್ದ ‘ಒಂದು’ ಕೂಡ. ಅದರ ಜಾಗದಲ್ಲಿ ಸರ್ವನಾಮವನ್ನು ತುಂಬಬಾರದು. ‘ನಾನು ಅದರಲ್ಲಿ ಇರುವ ಮನೆ’, ‘ನಾನು ಅವನಿಗೆ ಹಣ ಕೊಟ್ಟ ಹುಡುಗ’ ಎಂಬವು ಈ ತಪ್ಪಿನ ಮಾದರಿಗಳು. ‘ನಾನು ಇರುವ ಮನೆ’, ‘ನಾನು ಹಣ ಕೊಟ್ಟ ಹುಡುಗ’ ಎಂದರೆ ಸಾಕು, ಮನೆ ಸ್ಥಳವೆಂದೂ ಹುಡುಗ ಹಣ ಪಡೆದವನೆಂದೂ ಓದುಗರು ತಾವೇ ಅರಿಯುತ್ತಾರೆ. ‘ಹಣ್ಣು ಕತ್ತರಿಸಿದ ಚಾಕು’ ಎಂದಾಗ ಚಾಕು ತಾನೇ ಎದ್ದು ಹಣ್ಣು ಕತ್ತರಿಸಿತೆಂದು ಯಾರೂ ತಿಳಿಯುವುದಿಲ್ಲ.

ಉಳಿಯುವ ‘ಸೀರೆ’ಗೆ ಯಾವ ವಿಭಕ್ತಿ ಬರಬೇಕೆಂಬುದನ್ನು ಎರಡನೆಯ ವಾಕ್ಯ ತೀರ್ಮಾನಿಸುತ್ತದೆ. ಅಲ್ಲಿ ‘ಸೀರೆಯ ಮೇಲೆ’ ಇದ್ದುದರಿಂದ ಫಲಿತಾಂಶ ಹೀಗಿರುತ್ತದೆ: ‘ನಿನ್ನೆ ಅಕ್ಕ ಮೈಸೂರಿನಿಂದ ತಂದ ಸೀರೆಯ ಮೇಲೆ ಕಾಫಿ ಚೆಲ್ಲಿತು.’ ಎರಡು ವಾಕ್ಯಗಳ ವಿಭಕ್ತಿಗಳು ಅದಲುಬದಲಾದಾಗ ‘ನಾನು ಇರುವ ಮನೆಯಲ್ಲಿ ದೊಡ್ಡದು’ ಎಂಬಂಥ ವಾಕ್ಯ ಬರುತ್ತದೆ. ಇಲ್ಲಿ ‘ಮನೆಯಲ್ಲಿ’ ಎಂಬುದು ಮಡಚಿದ ವಾಕ್ಯದಿಂದ ತಪ್ಪಿಸಿಕೊಂಡು ಬಂದಿದೆ. ಮನೆ ದೊಡ್ಡದು ಎಂದು ಹೇಳಬೇಕಾಗಿದ್ದರೆ ‘ನಾನು ಇರುವ ಮನೆ ದೊಡ್ಡದು’ ಎಂದೇ ಬರೆಯಬೇಕು.

## ಹಂತ 6: ಸರಿಯಾದ ಜಾಗದಲ್ಲಿ ಇಡುವುದು

ಮಡಚಿದ ವಾಕ್ಯ ನಾಮಪದಕ್ಕಿಂತ ಮೊದಲೇ ಬರಬೇಕು ಮತ್ತು ಅದರ ಕೊನೆಯ ಪದ ಕೃದಂತನಾಮವೇ ಆಗಿರಬೇಕು. ಕೃದಂತಕ್ಕೂ ನಾಮಪದಕ್ಕೂ ನಡುವೆ ‘ಆ’, ‘ಇಬ್ಬರು’, ‘ಎತ್ತರದ’ ಮುಂತಾದ ವಿಶೇಷಣಗಳು ಬರಬಹುದು: ನಿನ್ನೆ ಬಂದ ಆ ಎತ್ತರದ ಹುಡುಗ. ಆದರೆ ಮತ್ತೊಂದು ನಾಮಪದ ನುಸುಳಿದರೆ ಕೃದಂತ ಅದಕ್ಕೇ ಅಂಟಿಕೊಳ್ಳುತ್ತದೆ. ‘ಕೆಂಪು ಅಂಗಿ ಹಾಕಿದ ಹುಡುಗನ ತಂದೆ’ ಎಂದಾಗ ಅಂಗಿ ಹಾಕಿದವನು ಹುಡುಗ. ತಂದೆಯ ಅಂಗಿಯ ಬಗ್ಗೆ ಹೇಳಬೇಕಾದರೆ ‘ಹುಡುಗನ ತಂದೆ, ಆ ಕೆಂಪು ಅಂಗಿ ಹಾಕಿದವರು’ ಎಂದು ಬಿಡಿಸಿ ಹೇಳುವುದೇ ಲೇಸು.

ಈ ಅಂಟಿಕೊಳ್ಳುವ ಗುಣದಿಂದಲೇ ಇನ್ನೊಂದು ದೊಡ್ಡ ತಪ್ಪು ಹುಟ್ಟುತ್ತದೆ. ಹುಡುಗ ಊರಿಗೆ ಹೋದನು, ಅಮ್ಮನನ್ನು ನೋಡಿದನು ಎಂಬ ಎರಡು ಕ್ರಿಯೆಗಳನ್ನು ಒಟ್ಟಿಗೆ ಮಡಚಬೇಕಾದಾಗ ಕಲಿಯುವವರು ಎರಡನ್ನೂ ಕೃದಂತನಾಮವಾಗಿಸಿ ‘ಊರಿಗೆ ಹೋದ ಅಮ್ಮನನ್ನು ನೋಡಿದ ಹುಡುಗ’ ಎಂದು ಬರೆಯುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಈ ಮಾತಿನಲ್ಲಿ ದೋಷವಿಲ್ಲ, ಆದರೆ ಊರಿಗೆ ಹೋದವಳು ಈಗ ಅಮ್ಮ! ಸರಣಿಯಲ್ಲಿ ಕೊನೆಯ ಕ್ರಿಯೆ ಮಾತ್ರ ಕೃದಂತನಾಮವಾಗಬೇಕು, ಅದಕ್ಕಿಂತ ಮುಂಚಿನವೆಲ್ಲ ಕೃದಂತಾವ್ಯಯಗಳಾಗಿ ಉಳಿಯಬೇಕು: ಊರಿಗೆ ಹೋಗಿ ಅಮ್ಮನನ್ನು ನೋಡಿದ ಹುಡುಗ. ಹೀಗೆ ಎಷ್ಟು ಕ್ರಿಯೆಗಳನ್ನಾದರೂ ಪೋಣಿಸಬಹುದು, ಅವೆಲ್ಲವನ್ನೂ ಮಾಡಿದವನು ಒಬ್ಬನೇ ಆಗಿದ್ದರೆ.

## ಹಂತ 7: ಮಡಚಲಾಗದ ವಾಕ್ಯಗಳನ್ನು ಗುರುತಿಸುವುದು

ಎಲ್ಲ ವಾಕ್ಯಗಳೂ ಮಡಚಿಕೊಳ್ಳುವುದಿಲ್ಲ. ಅಳಿಸಿದ ಪದಕ್ಕೆ ‘ಜೊತೆ’ ಅಥವಾ ‘ಗಿಂತ’ ಎಂಬುದು ಅಂಟಿಕೊಂಡಿದ್ದರೆ ಅದನ್ನು ಓದುಗರು ಊಹಿಸಲಾರರು. ‘ನಾನು ಗೆಳೆಯನ ಜೊತೆ ಸಿನಿಮಾಕ್ಕೆ ಹೋದೆನು’ ಎಂಬುದನ್ನು ಮಡಚಿ ‘ನಾನು ಸಿನಿಮಾಕ್ಕೆ ಹೋದ ಗೆಳೆಯ’ ಎಂದರೆ ಅರ್ಥವೇ ಕೂಡುವುದಿಲ್ಲ. ‘ನಾನು ಎತ್ತರವಿರುವ ತಮ್ಮ’ ಎಂದರೆ ತಮ್ಮನಿಗಿಂತ ನಾನು ಎತ್ತರ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಇಂಥಲ್ಲಿ ಎರಡು ದಾರಿಗಳಿವೆ. ಕ್ರಿಯಾಪದವನ್ನು ಬದಲಿಸಿ ಗೆಳೆಯನನ್ನೇ ಕರ್ತೃವಾಗಿಸುವುದು ಮೊದಲನೆಯದು: ನನ್ನ ಜೊತೆ ಸಿನಿಮಾಕ್ಕೆ ಬಂದ ಗೆಳೆಯ. ಇದು ಒಗ್ಗದಿದ್ದರೆ ‘ಯಾವ... ಓ... ಆ’ ಎಂಬ ಜೋಡುರಚನೆಯನ್ನು ಬಳಸಬಹುದು: ನಾನು ಯಾರ ಜೊತೆ ಸಿನಿಮಾಕ್ಕೆ ಹೋದೆನೋ ಆ ಗೆಳೆಯ. ಜೋಡುರಚನೆಯಲ್ಲಿ ಕ್ರಿಯಾಪದಕ್ಕೆ ಬಾಲ ಪೂರ್ತಿಯಾಗಿ ಇರಬೇಕು, ಅದರ ಕೊನೆಗೆ ‘ಓ’ ಬರಬೇಕು, ಮುಂದೆ ‘ಆ’ ಅಥವಾ ‘ಅವನು’ ಇರಬೇಕು. ಎರಡು ರಚನೆಗಳನ್ನು ಬೆರೆಸಿ ‘ಹುಡುಗ ಯಾರು ನಿನ್ನೆ ಬಂದ’ ಎಂದರೆ ಅದು ಪ್ರಶ್ನೆಯಂತೆ ಕೇಳಿಸುತ್ತದೆ.

ಅಂಗಾಂಗಗಳ ವಿಷಯದಲ್ಲಿ ಕನ್ನಡ ಉದಾರವಾಗಿದೆ. ‘ಕುರ್ಚಿಯ ಕಾಲು ಮುರಿಯಿತು’ ಎಂಬುದು ‘ಕಾಲು ಮುರಿದ ಕುರ್ಚಿ’ ಎಂದು ಸಲೀಸಾಗಿ ಮಡಚಿಕೊಳ್ಳುತ್ತದೆ.

## ಹಂತ 8: ನಾಮಪದವಿಲ್ಲದೆ ಬಳಸುವುದು

ಯಾರೆಂಬುದು ಮೊದಲೇ ಗೊತ್ತಿದ್ದರೆ ನಾಮಪದವನ್ನು ಬಿಟ್ಟು, ಕೃದಂತಕ್ಕೆ ಸರ್ವನಾಮವನ್ನು ಬೆಸೆಯಬೇಕು: ಬಂದವನು, ಬಂದವಳು, ಬಂದವರು, ಬಂದದ್ದು ಅಥವಾ ಬಂದುದು. ‘ಬಂದ ಅವನು’ ಎಂದು ಬಿಡಿಸಿ ಬರೆಯುವುದು ತಪ್ಪು. ಲಿಂಗ ವಚನಗಳು ಇಲ್ಲಿ ಮರಳಿ ಬರುತ್ತವೆ, ವಿಭಕ್ತಿಗಳೂ ಸೇರುತ್ತವೆ: ಬಂದವರಿಗೆ, ಬಾರದವರನ್ನು. ‘ಕನ್ನಡ ಬಾರದವರು’ ಎಂದಾಗ ಎಲ್ಲಿಗೂ ಬರದೇ ಹೋದವರೆಂದು ಅರ್ಥ ಮಾಡಿಕೊಂಡ ಒಬ್ಬ ವಿದ್ಯಾರ್ಥಿ, ಕನ್ನಡ ಯಾವ ಊರಿನಲ್ಲಿದೆ ಎಂದು ಕೇಳಿದ್ದುಂಟು.

## ಪರೀಕ್ಷೆ: ಮಡಿಕೆ ಬಿಚ್ಚಿ ನೋಡುವುದು

ಬರೆದು ಮುಗಿಸಿದ ವಾಕ್ಯದಲ್ಲಿ ಕೃದಂತನಾಮವನ್ನು ಹುಡುಕಿ, ಅದರ ಬಲಗಡೆಯ ನಾಮಪದವನ್ನು ಎಡಗಡೆಗೆ ತಂದು, ಕ್ರಿಯಾಪದಕ್ಕೆ ಬಾಲ ಕೊಟ್ಟು ಮತ್ತೆ ಬಿಡಿ ವಾಕ್ಯವನ್ನಾಗಿಸಿ. ಅದು ಮೊದಲ ಹಂತದಲ್ಲಿ ನೀವು ಬರೆದದ್ದೇ ಆಗಿರಬೇಕು. ಇತ್ತೀಚೆಗೆ ನನ್ನ ಮುಂದೆ ಬಂದ ಒಂದು ವಾಕ್ಯವನ್ನು ಹೀಗೆ ಬಿಚ್ಚಿ ನೋಡೋಣ.

ನನ್ನ ಅಂಗಡಿಗೆ ಹೋಗಿದ ತರಕಾರಿ ತಂದ ಚೀಲದಲ್ಲಿ ಹರಿದಿದೆ.

ಬರೆದವರು ಹೇಳಬೇಕೆಂದಿದ್ದುದು, ತಾವು ಅಂಗಡಿಗೆ ಹೋಗಿ ಒಂದು ಚೀಲದಲ್ಲಿ ತರಕಾರಿ ತಂದುದು ಮತ್ತು ಆ ಚೀಲ ಹರಿದಿರುವುದು. ಬಲದಿಂದ ಬಿಚ್ಚೋಣ. ‘ಚೀಲದಲ್ಲಿ ಹರಿದಿದೆ’ ಎಂಬುದರಲ್ಲಿ ಏನು ಹರಿದಿದೆ ಎಂಬುದಕ್ಕೆ ಉತ್ತರವಿಲ್ಲ. ‘ಅಲ್ಲಿ’ ಪ್ರತ್ಯಯ ಮಡಚಿದ ವಾಕ್ಯದಿಂದ ಹೊರಗೆ ಜಾರಿದೆ, ಅದನ್ನು ತೆಗೆಯಬೇಕು. ‘ಹೋಗಿದ ತರಕಾರಿ’ಯನ್ನು ಬಿಚ್ಚಿದರೆ ತರಕಾರಿಯೇ ಅಂಗಡಿಗೆ ನಡೆದುಹೋದಂತಾಗುತ್ತದೆ, ರೂಪವೂ ತಪ್ಪು, ಅದನ್ನು ‘ಹೋದ’ ಎಂದು ತಿದ್ದಿದರೂ ತರಕಾರಿಯ ನಡಿಗೆ ನಿಲ್ಲುವುದಿಲ್ಲ, ಆದ್ದರಿಂದ ‘ಹೋಗಿ’ ಎಂದು ಕೃದಂತಾವ್ಯಯವಾಗಿಸಬೇಕು. ‘ನನ್ನ ಅಂಗಡಿಗೆ’ ಎಂಬಲ್ಲಿ ಅಂಗಡಿ ಬರೆದವರದೇ ಆಗಿಬಿಟ್ಟಿದೆ. ಅದು ‘ನಾನು’ ಆಗಬೇಕು.

ನಾನು ಅಂಗಡಿಗೆ ಹೋಗಿ ತರಕಾರಿ ತಂದ ಚೀಲ ಹರಿದಿದೆ.